ಪದ ಬೇಕು: ‘ಕಾರ್ಬನ್ ಸಿಂಕ್’ – ಜೋಗಿಮಟ್ಟಿ ಫಲಕಕ್ಕೆ, ನಾಳೆ ಮಧ್ಯಾಹ್ನದೊಳಗೆ

ಚಿತ್ರದುರ್ಗದಿಂದ:
ಎಲ್ಲರಿಗೂ ನಮಸ್ಕಾರ. ಜೋಗಿಮಟ್ಟಿ ದಾರಿಯಲ್ಲಿ ಹಾಕುವ ಫಲಕಕ್ಕೆ ಕನ್ನಡ ಮಾಡುತ್ತಿದ್ದೇನೆ. ಸಾಲು ಹೀಗಿದೆ: ‘ಕಡಲು, ಕಾಡು, ಮಣ್ಣು ಗಾಳಿಯಿಂದ ಇಂಗಾಲ ಹೀರುತ್ತವೆ, ಮತ್ತೆ ಬಿಡುತ್ತವೆ. ಈ ಕಾಡು ಒಂದು ಕಾರ್ಬನ್ ಸಿಂಕ್.’ ಕೊನೆಯ ಪದಕ್ಕೆ ‘ಇಂಗಾಲದ ತೊಟ್ಟಿ’ ಅಂತ ಬರೆದಿದ್ದೆ. ಪೇಂಟರ್ ನಾಳೆ ಮಧ್ಯಾಹ್ನ ಬರುತ್ತಾರೆ. ಒಳ್ಳೆಯ ಪದ ಇದ್ದರೆ ಹೇಳಿ.

ದಾವಣಗೆರೆಯಿಂದ:
ತೊಟ್ಟಿ ಬೇಡವೇ ಬೇಡ. ಮೊದಲು ‘ಇಂಗಾಲ’ವನ್ನೇ ಬಿಡಿ. ಅದು ಸಂಸ್ಕೃತದ ‘ಅಂಗಾರ’, ಪ್ರಾಕೃತದ ಮೂಲಕ ಬಂದದ್ದು. ನಮ್ಮಲ್ಲಿ ‘ಕರಿ’ ಇದೆ. ‘ಕರಿಹೀರುಕ’ ಅನ್ನಿ, ಮುಗಿಯಿತು.

ಹರಿಹರದಿಂದ:
ಮೇಷ್ಟ್ರೇ, ‘ಕರಿ’ ಅಂದರೆ ಓದುವವರಿಗೆ ಆನೆಯೋ ಬಣ್ಣವೋ ಅನಿಸುತ್ತದೆ. ‘ಇಂಗುತಾಣ’ ಚೆನ್ನಾಗಿದೆ ನೋಡಿ. ಇಂಗುಗುಂಡಿ ಎಲ್ಲರಿಗೂ ಗೊತ್ತು. ‘ಇಂಗಾಲ’ವೂ ‘ಇಂಗು’ವಿನಿಂದಲೇ ಬಂದಿರಬಹುದಲ್ವಾ? ಮರದೊಳಗೆ ಇಂಗಿದ್ದು ಅಲ್ಲೇ ಉಳಿಯುತ್ತದೆ. ‘ಇಂಗಾಲದ ಖಜಾನೆ’ ಅಂದರೂ ಅದೇ ಅರ್ಥ.

ದಾವಣಗೆರೆಯಿಂದ:
ಇಂಗುವಿಗೂ ಇಂಗಾಲಕ್ಕೂ ಸಂಬಂಧ ಇಲ್ಲ. ಕೇಳಿದ್ದು ಹತ್ತಿರ ಇದೆ ಅಂತ ನಿರುಕ್ತಿ ಕಟ್ಟಬೇಡಿ.

ಹಿರಿಯೂರಿನಿಂದ:
ನಿರುಕ್ತಿ ಆಮೇಲೆ. ಖಜಾನೆ ಬೇರೆ, ಸಿಂಕ್ ಬೇರೆ. ಅದನ್ನು ಬೆರೆಸಿದರೆ ಫಲಕ ತಪ್ಪು ಹೇಳುತ್ತದೆ.

ಸೂಳೆಕೆರೆ ತುಂಬಿ ಕೋಡಿ ಬಿದ್ದಾಗ ನೀರು ಬೇಕಾದಷ್ಟಿರುತ್ತದೆ. ಆದರೆ ಬಂದಷ್ಟೇ ಹೊರಗೆ ಹೋಗುತ್ತದೆ, ಕೆರೆ ಏರುವುದಿಲ್ಲ. ಹಳೆಯ ಕಾಡೂ ಹಾಗಾಗಬಹುದು. ಒಳಗೆ ಇಂಗಾಲ ತುಂಬಾ ಇದೆ, ಆದರೆ ಆ ವರ್ಷ ಹೀರಿದ್ದೂ ಬಿಟ್ಟಿದ್ದೂ ಸಮ. ಸಿಂಕ್ ಅನ್ನಬೇಕಾದರೆ ಬಿಡುವುದಕ್ಕಿಂತ ಹೀರುವುದು ಜಾಸ್ತಿ ಇರಬೇಕು. ಅದೇ ಕಾಡು ಇನ್ನೊಂದು ವರ್ಷ ಉಲ್ಟಾ ಆಗಬಹುದು.

ಒಂದು ಮರ ತಗೊಳ್ಳಿ. ಒಣಗಿದ ಕಟ್ಟಿಗೆ 200 ಕಿಲೋ ಅಂದರೆ ಸುಮಾರು ಅರ್ಧ, 100 ಕಿಲೋ ಇಂಗಾಲ. ಆಮ್ಲಜನಕ ಸೇರಿ ಗಾಳಿಗೆ ಹೋದರೆ 367 ಕಿಲೋ ಕಾರ್ಬನ್ ಡೈಆಕ್ಸೈಡ್. ಬೆಳೆಯಲು ವರ್ಷಗಟ್ಟಲೆ ಬೇಕು. ಬೇಸಿಗೆಯ ಬೆಂಕಿಗೆ ಸಿಕ್ಕಿ ಪೂರ್ತಿ ಉರಿದರೆ ಒಂದೆರಡು ದಿನ ಸಾಕು. ಬಿದ್ದು ಕೊಳೆತರೆ ಹಲವು ವರ್ಷ. ಅದರಲ್ಲಿ ಸ್ವಲ್ಪ ಭಾಗ ಮಣ್ಣಿನ ಕಣಗಳಿಗೆ ಅಂಟಿಕೊಂಡು ನೂರಾರು ವರ್ಷ ಉಳಿಯಬಹುದು.

ಕಡಲಿನ ಲೆಕ್ಕವೂ ಇಷ್ಟೇ ಗೊಂದಲದ್ದು. ನಾವು ಬಿಡುವುದರಲ್ಲಿ ಸುಮಾರು ಕಾಲು ಭಾಗ ಈಗ ಕಡಲಿಗೆ ಹೋಗುತ್ತಿದೆ. ಮೇಲಿನ ನೀರು ಒಂದು ವರ್ಷದ ಆಸುಪಾಸಿನಲ್ಲೇ ಗಾಳಿಯ ಜೊತೆ ಸಮಕ್ಕೆ ಬರುತ್ತದೆ. ಆದರೆ ಅದು ಆಳಕ್ಕೆ ಇಳಿದು ಬೆರೆಯಲು ನೂರಾರು ವರ್ಷ ಬೇಕು. ಹಾಗಾಗಿ ‘ಹೀರುತ್ತವೆ, ಬಿಡುತ್ತವೆ’ ಅನ್ನುವ ಕಡೆ ಕಾಲದ ಮಾತೂ ಬೇಕು.

ಚಳ್ಳಕೆರೆಯಿಂದ:
ಸಾರ್, ನಾನು ಶೇಂಗಾ ಹೊಲಕ್ಕೆ ಕೆರೆಗೋಡು ಹೊಡೆಸಿದ್ದೇನೆ. ಮಣ್ಣಿನ ಇಂಗಾಲಕ್ಕೆ ದುಡ್ಡು ಕೊಡುತ್ತಾರಂತೆ. ನನ್ನ ಹೊಲವೂ ಸಿಂಕ್ ಆಯ್ತಲ್ವಾ?

ಹಿರಿಯೂರಿನಿಂದ:
ಬೆಳೆಗೆ ಒಳ್ಳೆಯದೇ ಮಾಡಿದ್ದೀರಿ. ಆದರೆ ಗೋಡಿನಲ್ಲಿದ್ದ ಇಂಗಾಲ ಕೆರೆಯಿಂದ ಹೊಲಕ್ಕೆ ಬಂದಿದೆ ಅಷ್ಟೇ, ಗಾಳಿಯಿಂದ ಇಳಿದಿಲ್ಲ. ಗೋಡು ಬಿದ್ದ ಮೇಲೆ ಬೆಳೆ ಹುಲುಸಾಗಿ ಬೇರು, ಸೊಪ್ಪು ಜಾಸ್ತಿ ಮಣ್ಣು ಸೇರಿದರೆ ಆ ಭಾಗವನ್ನು ಲೆಕ್ಕ ಹಿಡಿಯಬಹುದು. ಎರೆಮಣ್ಣಾದರೆ ಇನ್ನೊಂದು ಎಚ್ಚರ: ಅದರೊಳಗಿನ ಬಿಳಿ ಸುಣ್ಣದ ಹರಳಲ್ಲೂ ಇಂಗಾಲ ಇದೆ. ಹರಳಿನ ಮೇಲೆ ಆಮ್ಲದ ಹನಿ ಬಿಟ್ಟರೆ ನೊರೆ ಬರುತ್ತದೆ. ಮಣ್ಣನ್ನು ಸುಟ್ಟು ಒಟ್ಟು ಇಂಗಾಲ ಅಳೆದರೆ ಅದೂ ಸೇರಿಕೊಂಡು ಗೊಬ್ಬರದ ಅಂಶ ಜಾಸ್ತಿ ಇದ್ದಂತೆ ಕಾಣುತ್ತದೆ.

ಚಿತ್ರದುರ್ಗದಿಂದ:
ಹಾಗಾದರೆ ಜೋಗಿಮಟ್ಟಿಯನ್ನು ಸಿಂಕ್ ಅನ್ನಬಹುದಾ?

ಹಿರಿಯೂರಿನಿಂದ:
ಫಲಕ ಹಾಕುವವರ ಹತ್ತಿರ ಎರಡು ಸಲದ ಅಳತೆ ಇದೆಯಾ ಕೇಳಿ ನೋಡಿ, ಅಕ್ಕ. ಜಾಗ ಗುರುತು ಮಾಡಿ ಪ್ರತಿ ಮರದ ಎದೆಮಟ್ಟದ ಸುತ್ತಳತೆ ತೆಗೆಯಬೇಕು. ಕೆಲವು ವರ್ಷ ಬಿಟ್ಟು ಅದೇ ಮರಗಳನ್ನು ಮತ್ತೆ ಅಳೆಯಬೇಕು. ಸತ್ತದ್ದು, ಕಡಿದದ್ದು, ಉರಿದದ್ದು ಕಳೆಯಬೇಕು. ಮಣ್ಣನ್ನೂ ಎರಡು ಸಲ ನೋಡಬೇಕು. ಒಂದೇ ಸಲ ಅಳೆದರೆ ಖಜಾನೆ ಎಷ್ಟು ಅಂತ ಮಾತ್ರ ಗೊತ್ತಾಗುತ್ತದೆ.

ದಾವಣಗೆರೆಯಿಂದ:
ವಿಷಯ ಒಪ್ಪಿದೆ. ಪದ ಮಾತ್ರ ಒಪ್ಪಿಲ್ಲ. ಹೀಗೆ ಒಂದೊಂದೇ ಹೊರಗಿನದನ್ನು ಒಳಗೆ ಬಿಟ್ಟುಕೊಂಡರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಮಾತ್ರ.

ಹರಿಹರದಿಂದ:
ಬಸ್ಸು, ಸ್ವಿಚ್ಚು ಬಂದಾಗಲೂ ಹೀಗೇ ಅಂದಿದ್ದರು. ಕನ್ನಡ ಏನೂ ಸಾಯಲಿಲ್ಲ.

ಚಿತ್ರದುರ್ಗದಿಂದ:
ಕೇಳಿದೆ. ಅವರ ಹತ್ತಿರ ಒಂದೇ ಸಲದ ಅಳತೆ ಇದೆ. ಹಾಗಾಗಿ ಕೊನೆಯ ಸಾಲು ಬದಲಾಯಿಸಿದ್ದೇನೆ: ‘ಈ ಕಾಡಿನ ಮರ, ಮಣ್ಣಿನಲ್ಲಿ ಇಂಗಾಲ ಸೇರಿಕೊಂಡಿದೆ. ಬೆಳೆಯುವಾಗ ಕಾಡು ಅದನ್ನು ನಿಧಾನವಾಗಿ ಹೀರುತ್ತದೆ. ಬೆಂಕಿ ಬಿದ್ದರೆ ದಿನಗಳಲ್ಲೇ ಬಿಟ್ಟುಬಿಡುತ್ತದೆ.’ ‘ಸಿಂಕ್’ ಈ ಫಲಕದಲ್ಲಿಲ್ಲ. ಆದರೆ ಮಣ್ಣಿನ ಬಗ್ಗೆ ಇನ್ನೊಂದು ಫಲಕ ಮುಂದಿನ ವಾರ ಬರೆಯಬೇಕು. ಅದರಲ್ಲಿ ಈ ಪದ ತಪ್ಪಿಸಲು ಆಗುವುದಿಲ್ಲ.

ದಾವಣಗೆರೆಯಿಂದ:
ಕರಿಹೀರುಕ.