‘ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ’: ನೈಟ್ ಶಿಫ್ಟಿನೋರಿಗೆ ಇದನ್ನ ಹೇಗೆ ಬರೆಯೋದು?

ಕೇಳಿದವರು:
ನಮಸ್ಕಾರ. ಲ್ಯಾಬ್ ಒಂದರ ಬೋರ್ಡಿಗೆ ಕನ್ನಡ ಬೇಕು, ನಾಳೆನೇ ಪ್ರಿಂಟಿಗೆ ಹೋಗ್ಬೇಕು. ‘ರಾತ್ರಿ ಊಟದ ನಂತರ ಏನೂ ತಿನ್ನದೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ’ ಅಂತ ಬರೆದಿದ್ದೆ. ಆದ್ರೆ ಅಲ್ಲಿಗೆ ಬರೋರಲ್ಲಿ ನೈಟ್ ಶಿಫ್ಟಿನೋರೇ ಜಾಸ್ತಿ, ಅವರು ಊಟ ಮಾಡೋದೇ ರಾತ್ರಿ 2 ಗಂಟೆಗೆ. ಫಾಸ್ಟಿಂಗ್‌ಗೆ ಉಪವಾಸ ಅನ್ಲಾ, ಖಾಲಿ ಹೊಟ್ಟೆ ಅನ್ಲಾ?

ಮೇಷ್ಟ್ರು:
‘ಖಾಲಿ’ ಅರಬ್ಬಿಯದು. ‘ಉಪವಾಸ’ ಅಂದ್ರೆ ಉಪ ಮತ್ತು ವಾಸ, ಹತ್ತಿರ ಇರೋದು, ಊಟಕ್ಕೂ ಅದರ ಮೂಲಕ್ಕೂ ಸಂಬಂಧ ಇಲ್ಲ. ‘ಬರಿಹೊಟ್ಟೆ’ ಅನ್ನೋ ಅಚ್ಚ ಕನ್ನಡ ಇದೆ, ಹಾಕಿ. ಮುಗೀತು.

ಲ್ಯಾಬಿನವರು:
ಮುಗೀಲಿಲ್ಲ ಮೇಷ್ಟ್ರೇ. ಉಪವಾಸ ನನಗೂ ಬೇಡ, ಆ ಪದ ಓದಿ ಹಾಲು ಹಣ್ಣು ತಗೊಂಡೇ ಬರೋರಿದಾರೆ. ಆದ್ರೆ ಇಲ್ಲಿ ಎಡವಟ್ಟು ಮಾಡ್ತಿರೋದು ‘ಬೆಳಗ್ಗೆ’. ಫಾಸ್ಟಿಂಗ್ ಶುಗರ್‌ಗೆ ಕಡಿಮೆ ಅಂದ್ರೂ 8 ಗಂಟೆ ನೀರು ಬಿಟ್ಟು ಏನೂ ಹೋಗಿರಬಾರದು. 2ಕ್ಕೆ ಉಂಡು 7ಕ್ಕೆ ಡ್ಯೂಟಿ ಮುಗಿಸಿ ಸೀದಾ ಬಂದ್ರೆ ಆಗಿರೋದು 5 ಗಂಟೆ, ನಡುವೆ 4ಕ್ಕೆ ಸಕ್ಕರೆ ಟೀ ಕುಡಿದಿದ್ರೆ ಬರೀ 3. ಅಂಥೋರಿಗೆ 118 ಬಂತು ಅನ್ನಿ, ರಿಪೋರ್ಟ್ ನೋಡಿದೋರು 100ರಿಂದ 125ರೊಳಗಿದೆ, ಡಯಾಬಿಟಿಸ್ ಹತ್ತಿರ ಬಂದಿದೀರಿ ಅಂತಾರೆ. ಅದು ಊಟದ ಸಕ್ಕರೆನೂ ಇರಬಹುದು, ನಡುರಾತ್ರಿ ಉಂಡದ್ದನ್ನ ದೇಹ ಹಗಲಿನಷ್ಟು ಚುರುಕಾಗಿ ಇಳಿಸಲ್ಲ.

ನೈಟ್ ಡ್ಯೂಟಿಯವರು:
ನಾನು ಬೆಳಗ್ಗೆ 8ಕ್ಕೆ ತಿಂದು ಮಲಗಿ ಎದ್ದು ಸಂಜೆ ನಾಲ್ಕೂವರೆಗೆ ರಕ್ತ ಕೊಟ್ಟೆ, 97 ಬಂತು, ನಾರ್ಮಲ್. ‘ಮಲಗಿ ಎದ್ದ ಕೂಡಲೆ ಬನ್ನಿ’ ಅಂತ ಬರೀರಿ, ಸಾಕು.

ಲ್ಯಾಬಿನವರು:
ಮೇಡಂ, ಗಂಟೆ ಲೆಕ್ಕ ಸರಿ ಇದೆ, ಆದ್ರೆ 97 ನೋಡಿ ನಿಶ್ಚಿಂತೆ ಆಗ್ಬೇಡಿ. ಈ 100, 126 ಅನ್ನೋ ಗಡಿಗಳು ಬೆಳಗಿನ ರಕ್ತ ನೋಡಿ ಹಾಕಿದ್ದು, ಅದೇ ಜನರಲ್ಲಿ ಮಧ್ಯಾಹ್ನದ ಮೇಲೆ ಫಾಸ್ಟಿಂಗ್ ಸಾಮಾನ್ಯವಾಗಿ ಸ್ವಲ್ಪ ಇಳಿದಿರತ್ತೆ. ಪಾಳಿಯೋರ ದೇಹದ ಗಡಿಯಾರ ಎಷ್ಟು ತಿರುಗಿದೆ ಅನ್ನೋದೂ ಒಬ್ಬೊಬ್ಬರಿಗೆ ಒಂದೊಂದು ಥರ, ರಜೆ ದಿನ ರಾತ್ರಿ ಮಲಗಿಬಿಟ್ರೆ ಮತ್ತೆ ಕಲಸಿಹೋಗತ್ತೆ. ಅನುಮಾನ ಇದ್ರೆ ಡಾಕ್ಟರ್‌ನ ಕೇಳಿ, ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ ಟೆಸ್ಟ್ ಮಾಡಿಸಿ, ಅದಕ್ಕೆ ಊಟ ಬಿಡೋದೇ ಬೇಕಿಲ್ಲ, ರಕ್ತಹೀನತೆ ಇದ್ರೆ ಮಾತ್ರ ಅದೂ ದಾರಿ ತಪ್ಪಿಸಬಹುದು.

ಬೋರ್ಡಿಗೆ ನನ್ನ ಸಲಹೆ ಇದು: ‘ಕೊನೆಯದಾಗಿ ತಿಂದು, ಕುಡಿದು ಕನಿಷ್ಠ 8 ಗಂಟೆ ಆಗಿರಬೇಕು. ನೀರು ಕುಡಿಯಬಹುದು. ರಾತ್ರಿ ಪಾಳಿಯವರು ಊಟ ಮಾಡಿದ ಹೊತ್ತು, ಮಲಗಿ ಎದ್ದ ಹೊತ್ತು ಚೀಟಿಯಲ್ಲಿ ಬರೆಸಿ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಮೊದಲೇ ಡಾಕ್ಟರನ್ನು ಕೇಳಿ.’

ಮೇಷ್ಟ್ರು:
‘ಕನಿಷ್ಠ’ ಸಂಸ್ಕೃತ. ‘ಕಡಿಮೆಯೆಂದರೂ’ ಅನ್ನಿ.

ನೈಟ್ ಡ್ಯೂಟಿಯವರು:
ಲ್ಯಾಬ್, ಶುಗರ್, ಡಾಕ್ಟರ್ ಎಲ್ಲಾ ಇರಬಹುದು, ಖಾಲಿ, ಕನಿಷ್ಠ ಮಾತ್ರ ಆಗಲ್ವಾ ಮೇಷ್ಟ್ರೇ? ರಾತ್ರಿಯೆಲ್ಲ ಎಚ್ಚರ ಇದ್ದು ಬಂದೋರು ಒಂದೇ ಸಲಕ್ಕೆ ಓದಿ ತಿಳ್ಕೊಳ್ಳೋ ಪದ ಬೇಕು ಅಷ್ಟೇ.

ಮೇಷ್ಟ್ರು:
ಹಾಗಂತ ಎಲ್ಲಾ ಕಡೆಯಿಂದ ಸಾಲ ತಂದ್ರೆ ಕನ್ನಡದಲ್ಲಿ ಉಳಿಯೋದೇನು?

ಕೇಳಿದವರು:
‘ಕಡಿಮೆಯೆಂದರೂ’ ಹಾಕ್ತೀನಿ, ಬೋರ್ಡಲ್ಲಿ ಜಾಗ ಇದೆ. ‘ಬೆಳಗ್ಗೆ’ ತೆಗೆದೆ.