ಬೈಬ್ಯಾಕ್ ಎಂಟ್ರಿ ಹಾಕಿದ ಮ್ಯಾಲೆ ಜನರಲ್ ರಿಸರ್ವ್ ಮೈನಸ್ ತೋರಿಸ್ತದ

ತಾರಿಹಾಳ_ಲೆಕ್ಕ (ಹುಬ್ಬಳ್ಳಿ):
ತಾರಿಹಾಳದಾಗಿನ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಲೆಕ್ಕ ನೋಡ್ಕೋತೀನ್ರಿ. ಷೇರು ಬಂಡವಾಳ 20 ಲಕ್ಷ, ಮುಖಬೆಲೆ 10 ರೂಪಾಯಿ. ಸೆಕ್ಯುರಿಟೀಸ್ ಪ್ರೀಮಿಯಂ 6 ಲಕ್ಷ, ಜನರಲ್ ರಿಸರ್ವ್ 10 ಲಕ್ಷ, ಪಿ ಅಂಡ್ ಎಲ್ ಬಾಕಿ 14 ಲಕ್ಷ. 30,000 ಷೇರು 40 ರೂಪಾಯಿಯಂಗ ವಾಪಸ್ ತಗೊಂಡ್ವಿ, ಒಟ್ಟು 12 ಲಕ್ಷ. ನಾ ಹಾಕಿದ್ದು ಎರಡs ಎಂಟ್ರಿ, ಸಿಆರ್‌ಆರ್ ಅಂದ್ರ ಕ್ಯಾಪಿಟಲ್ ರಿಡೆಂಪ್ಶನ್ ರಿಸರ್ವ್:

```
ಷೇರು ಬಂಡವಾಳ     ಡೆ.  3,00,000
   ಸಿಆರ್‌ಆರ್            3,00,000
ಜನರಲ್ ರಿಸರ್ವ್     ಡೆ. 12,00,000
   ಬ್ಯಾಂಕ್             12,00,000
```

ಟ್ರಯಲ್ ಬ್ಯಾಲೆನ್ಸ್ ತಾಳೆ ಆಗ್ತದ. ಆದ್ರ ಜನರಲ್ ರಿಸರ್ವ್ 2 ಲಕ್ಷ ಡೆಬಿಟ್ ಬಾಕಿ ತೋರಿಸ್ತದ. ಆಡಿಟರ್ ಒಪ್ಪವಲ್ರು. ಎಲ್ಲಿ ತಪ್ಪೇದ ಹೇಳ್ರಿ.

ಧಾರವಾಡ_ಕಾಮರ್ಸ್:
ಪ್ರೀಮಿಯಂ ಖಾತೆ ಮುಟ್ಟೇ ಇಲ್ಲಲ್ರಿ ನೀವು. ಮೊದಲು ಅದನ್ನ ಬಳಸ್ರಿ. ಪ್ರೀಮಿಯಂನಿಂದ ಕೊಟ್ಟ ಭಾಗಕ್ಕ ಸಿಆರ್‌ಆರ್ ಮಾಡೋದು ಬ್ಯಾಡ, ಫ್ರೀ ರಿಸರ್ವ್‌ನಿಂದ ಕೊಟ್ಟಷ್ಟಕ್ಕ ಅಷ್ಟs ಸಾಕು.

ವಿದ್ಯಾನಗರ_ಆಡಿಟ್:
ಮೊದಲ ಮಾತು ಸರಿ, ಎರಡನೇದು ಈಗ ನಡೆಯೋದಿಲ್ಲ. 1956ರ ಕಂಪನಿ ಕಾಯ್ದೆಯ 77ಎಎ ಕಲಮಿನಲ್ಲಿ ಫ್ರೀ ರಿಸರ್ವ್ ಮಾತ್ರ ಇತ್ತು. 2013ರ ಕಾಯ್ದೆಯ 69ನೇ ಕಲಮು ಸೆಕ್ಯುರಿಟೀಸ್ ಪ್ರೀಮಿಯಂ ಅನ್ನೂ ಸೇರಿಸಿದೆ. ಎರಡರಲ್ಲಿ ಯಾವುದರಿಂದ ಕೊಂಡರೂ, ಕೊಂಡ ಷೇರುಗಳ ಮುಖಬೆಲೆಯಷ್ಟು ಸಿಆರ್‌ಆರ್‌ಗೆ ಹೋಗಲೇಬೇಕು. ನಿಮ್ಮಲ್ಲಿ ಅದು ಪೂರಾ 3 ಲಕ್ಷ.

ತಾರಿಹಾಳದವರ ಎಂಟ್ರಿಗೆ ಬರೋಣ. ಷೇರು ಬಂಡವಾಳ ಕಡಿಮೆಯಾಗುವುದು ಷೇರು ರದ್ದಾದ ಕಾರಣಕ್ಕೆ. ಅದರ ಎದುರು ನಿಲ್ಲಬೇಕಾದದ್ದು ಷೇರುದಾರರಿಗೆ ಕೊಡಬೇಕಾದ ಹಣ, ಸಿಆರ್‌ಆರ್ ಅಲ್ಲ. ಸಿಆರ್‌ಆರ್ ಹುಟ್ಟುವುದು ರಿಸರ್ವ್‌ನ ಹೊಟ್ಟೆಯಿಂದ. ಹೀಗೆ ಹಾಕಿ:

```
ಷೇರು ಬಂಡವಾಳ         ಡೆ. 3,00,000
ಬೈಬ್ಯಾಕ್ ಪ್ರೀಮಿಯಂ      ಡೆ. 9,00,000
   ಷೇರುದಾರರು            12,00,000
ಸೆಕ್ಯುರಿಟೀಸ್ ಪ್ರೀಮಿಯಂ   ಡೆ. 6,00,000
ಜನರಲ್ ರಿಸರ್ವ್         ಡೆ. 3,00,000
   ಬೈಬ್ಯಾಕ್ ಪ್ರೀಮಿಯಂ       9,00,000
ಷೇರುದಾರರು           ಡೆ. 12,00,000
   ಬ್ಯಾಂಕ್               12,00,000
ಜನರಲ್ ರಿಸರ್ವ್         ಡೆ. 3,00,000
   ಸಿಆರ್‌ಆರ್              3,00,000
```

ಈಗ ಜನರಲ್ ರಿಸರ್ವ್ 4 ಲಕ್ಷ, ಪ್ರೀಮಿಯಂ ಸೊನ್ನೆ, ಸಿಆರ್‌ಆರ್ 3 ಲಕ್ಷ, ಬಂಡವಾಳ 17 ಲಕ್ಷ, ಪಿ ಅಂಡ್ ಎಲ್ 14 ಲಕ್ಷ. ಒಟ್ಟು 50 ಲಕ್ಷ ಇದ್ದದ್ದು 38 ಲಕ್ಷ ಆಯಿತು.

ನಿಮ್ಮ ಎರಡು ಎಂಟ್ರಿ ಹಾಕಿದ ಮೇಲಿನ ಒಟ್ಟು ಮೊತ್ತವೂ 38 ಲಕ್ಷವೇ. ತಪ್ಪು ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಸಿಗದಿದ್ದದ್ದು ಅದಕ್ಕೇ. ಇನ್ನೊಂದು ಗಮನಿಸಿ. ಹಂಚಲು ಸಿಗುವ ರಿಸರ್ವ್ ಮತ್ತು ಪ್ರೀಮಿಯಂ ಸೇರಿ ಕಡಿಮೆಯಾದದ್ದು 9 ಲಕ್ಷ ಅಲ್ಲ, ಪೂರಾ 12 ಲಕ್ಷ. ಮುಖಬೆಲೆಯ 3 ಲಕ್ಷ ಹಣ ಬಂಡವಾಳದ ಲೆಕ್ಕದಲ್ಲಿ ಹೊರಗೆ ಹೋಯಿತು, ಅಷ್ಟನ್ನೇ ರಿಸರ್ವ್‌ನಿಂದ ತೆಗೆದು ಸಿಆರ್‌ಆರ್‌ನಲ್ಲಿ ಕಟ್ಟಿಟ್ಟಿರಿ. ಸಾಲ ಕೊಟ್ಟವರಿಗೆ ಬಂಡವಾಳದಿಂದ ಇರುವ ಆಸರೆ ಕುಗ್ಗಬಾರದು ಅಂತಲೇ ಈ ನಿಯಮ. ಸಿಆರ್‌ಆರ್‌ನಿಂದ ಡಿವಿಡೆಂಡ್ ಕೊಡಲಾಗದು. ಬೋನಸ್ ಷೇರು ಕೊಡಲು ಬಳಸಬಹುದು.

ತಾರಿಹಾಳ_ಲೆಕ್ಕ:
ಹಂಗಾದ್ರ ಪ್ರೀಮಿಯಂ ಡೆಬಿಟ್, ಜನರಲ್ ರಿಸರ್ವ್ ಕ್ರೆಡಿಟ್ 6 ಲಕ್ಷ ಅಂತ ಒಂದs ಜರ್ನಲ್ ಹಾಕಿದ್ರ ಮುಗೀತಲ್ರಿ?

ವಿದ್ಯಾನಗರ_ಆಡಿಟ್:
ಬಾಕಿ ಸರಿಹೋಗ್ತದ, ಆದರೆ ಖಾತೆಯ ಹರಿವು ಸುಳ್ಳಾಗಿ ಉಳೀತದ. ಬಂಡವಾಳದಿಂದ ಸಿಆರ್‌ಆರ್‌ಗೆ ವರ್ಗಾವಣೆ ಅಂತ ನೋಟ್‌ನಲ್ಲಿ ಬಂದರೆ ಆಡಿಟರ್ ಮತ್ತೆ ಕೇಳುತ್ತಾರೆ. ಹಳೆಯ ಎರಡನ್ನೂ ಉಲ್ಟಾ ಜರ್ನಲ್‌ನಿಂದ ತೆಗೆದು, ಮೇಲಿನ ನಾಲ್ಕನ್ನು ಹೊಸದಾಗಿ ಹಾಕಿ. ವೌಚರ್ ಅಳಿಸಬೇಡಿ. ಜೊತೆಗೆ ಮಿತಿಯನ್ನೂ ನೋಡಿಕೊಳ್ಳಿ: ಬಂಡವಾಳ, ಫ್ರೀ ರಿಸರ್ವ್, ಪ್ರೀಮಿಯಂ ಸೇರಿ 50 ಲಕ್ಷ, ಅದರ 25% ಅಂದರೆ 12.5 ಲಕ್ಷ. ನಿಮ್ಮದು 12 ಲಕ್ಷ, ದಾಟಿಲ್ಲ. ಆದರೆ 10% ಮೀರಿದ್ದರಿಂದ ಬರೀ ಬೋರ್ಡ್ ನಿರ್ಣಯ ಸಾಲದು, ಷೇರುದಾರರ ವಿಶೇಷ ನಿರ್ಣಯ ಇರಬೇಕಿತ್ತು. ಅದು ಫೈಲಿನಲ್ಲಿ ಇದೆಯೇ ನೋಡಿ.

ಗದಗ_ಟ್ರೇಡ್:
ನಮ್ದೂ ಬೈಬ್ಯಾಕ್ ಅದರಿ. ಬಂಡವಾಳ 10 ಲಕ್ಷ, ಜನರಲ್ ರಿಸರ್ವ್ 14 ಲಕ್ಷ, ಜಾಗದ ರಿವ್ಯಾಲ್ಯುಏಶನ್ ರಿಸರ್ವ್ 12 ಲಕ್ಷ. 36 ಲಕ್ಷದ ಕಾಲು ಭಾಗ 9 ಲಕ್ಷ. 8 ಲಕ್ಷಕ್ಕ ತಗೋಬೇಕಂತೀವಿ, ನಡೀತದೇನು?

ವಿದ್ಯಾನಗರ_ಆಡಿಟ್:
ನಡೆಯೋದಿಲ್ಲ. ಜಾಗದ ಬೆಲೆ ಏರಿಸಿ ಬರೆದದ್ದು ಫ್ರೀ ರಿಸರ್ವ್ ಅಲ್ಲ, ಅದರಲ್ಲಿ ಕೈಗೆ ಬಂದ ಹಣವಿಲ್ಲ. 24 ಲಕ್ಷದ 25%, ಅಂದರೆ 6 ಲಕ್ಷವೇ ನಿಮ್ಮ ಗರಿಷ್ಠ. ಷೇರು ಸಂಖ್ಯೆಯನ್ನೋ ದರವನ್ನೋ ಇಳಿಸಿ, ಆಫರ್ ಕಳಿಸುವ ಮುಂಚೆಯೇ. ಬೈಬ್ಯಾಕ್ ಆದ ಮೇಲೆ ಸಾಲ ಉಳಿದ ಬಂಡವಾಳ ಮತ್ತು ಫ್ರೀ ರಿಸರ್ವ್‌ನ ಎರಡು ಪಟ್ಟು ದಾಟಬಾರದು, ಅದನ್ನೂ ಲೆಕ್ಕ ಹಾಕಿಕೊಳ್ಳಿ.

ಧಾರವಾಡ_ಕಾಮರ್ಸ್:
77ಎಎ ಬದಲಾದದ್ದು ಒಪ್ಪಿದೆರಿ. ಆದ್ರ ಒಂದು ಉಳೀತು. ಪ್ರೀಮಿಯಂ ಖಾತೆಯೊಳಗ 15 ಲಕ್ಷ ಇದ್ದಿದ್ರ, ಸಿಆರ್‌ಆರ್‌ನ 3 ಲಕ್ಷಾನೂ ಅಲ್ಲಿಂದನs ಕೊಡಬಹುದಿತ್ತೇನು?

ವಿದ್ಯಾನಗರ_ಆಡಿಟ್:
ಇಲ್ಲಿ ಎರಡು ಮತ ಇವೆ. ಪ್ರೀಮಿಯಂನ ಬಳಕೆ ಹೇಳುವ 52ನೇ ಕಲಮಿನಲ್ಲಿ ಬೈಬ್ಯಾಕ್ ಇದೆ, ಸಿಆರ್‌ಆರ್‌ಗೆ ವರ್ಗಾವಣೆ ಅಂತ ಬಿಡಿಸಿ ಹೇಳಿಲ್ಲ. 69ನೇ ಕಲಮಿನಲ್ಲಿ ಅದು ಅಡಕವಾಗಿದೆ ಅನ್ನುವವರೂ ಇದ್ದಾರೆ. ನಾನು ಜನರಲ್ ರಿಸರ್ವ್ ಇರುವವರೆಗೆ ಅದರಿಂದಲೇ ಮಾಡಿಸುತ್ತೇನೆ.

ಧಾರವಾಡ_ಕಾಮರ್ಸ್:
ನನಗ ಎರಡನೇ ಮತನs ಸರಿ ಕಾಣ್ತದ. ಪ್ರೀಮಿಯಂನೂ ಡಿವಿಡೆಂಡ್‌ಗೆ ಬರೋದಿಲ್ಲ, ಸಿಆರ್‌ಆರ್‌ನೂ ಬರೋದಿಲ್ಲ, ಸಾಲ ಕೊಟ್ಟವರಿಗೆ ನಷ್ಟ ಏನದ?