ಪದಚರ್ಚೆ: ಕಂಬದ ‘ಎತ್ತರ’ ಅಂದರೆ ಎಲ್ಲಿಂದ ಎಲ್ಲಿಗೆ?

ಕೇಳಿದವರು, ಮಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ನಾನು ಕೂಳೂರಿನ ಹತ್ತಿರ ಒಬ್ಬ ಕಂಟ್ರಾಕ್ಟರರ ಆಫೀಸಿನಲ್ಲಿ ಲೆಕ್ಕ ಬರೆಯುವವಳು. ಸೈಟಿನ ಮೇಸ್ತ್ರಿಗೆ ಓದಲಿಕ್ಕೆ ಸುಲಭವಾಗಲಿ ಎಂದು ಎಸ್ಟಿಮೇಟ್ ಹಾಳೆಯನ್ನು ಕನ್ನಡದಲ್ಲಿ ಮಾಡಿಕೊಟ್ಟೆ. ಕಾಂಕ್ರೀಟಿನ ಪಟ್ಟಿಯಲ್ಲೂ ಕಂಬಿಯ ಪಟ್ಟಿಯಲ್ಲೂ ‘ಮಹಡಿಯ ಎತ್ತರ’ ಎಂದೇ ಹಾಕಿದ್ದೆ. ಕೊನೆಯ ಕಾಲಮಿಗೆ ‘ಕಂಬದ ಭಾರ’ ಎಂದು ಹೆಸರಿಟ್ಟೆ.

ಮೇಸ್ತ್ರಿ ಟೇಪು ಹಿಡಿದು ನೆಲದಿಂದ ಬೀಮಿನ ಅಡಿಯವರೆಗೆ ಅಳೆದು ಎರಡೂ ಕಡೆ 2.55 ಮೀಟರ್ ಎಂದು ತುಂಬಿಸಿದರು. ನಕ್ಷೆಯಲ್ಲಿ ಇರುವುದು 3 ಮೀಟರ್. ಕಂಬಕ್ಕೆ ಕಾಂಕ್ರೀಟು ಸರಿಯಾಗಿಯೇ ಬಂತು. ಮೈನ್ ಕಂಬಿ ಮಾತ್ರ ನಾಲ್ಕು ಅಂತಸ್ತಿಗೆ ಬರಬೇಕಾದ್ದು ಮೂರನೆಯದರಲ್ಲೇ ಮುಗಿಯಿತು. ಯಜಮಾನರು ಕಳ್ಳತನ ಆಗಿರಬೇಕು ಅಂತ ಅನುಮಾನಪಟ್ಟರು. ನನಗೆ ಅನುಮಾನ ನನ್ನ ಕನ್ನಡದ ಮೇಲೆ. ‘ಎತ್ತರ’ ಎಂಬ ಪದಕ್ಕೆ ಇಲ್ಲಿ ಯಾವ ಅರ್ಥ ಹಿಡಿಯಬೇಕು?

ಕುಂದಾಪುರದ ಒಬ್ಬ ನಿವೃತ್ತ ಕನ್ನಡ ಮಾಷ್ಟ್ರು

ತಂಗೀ, ತಪ್ಪಿರುವುದು ‘ಎತ್ತರ’ದಲ್ಲಿ ಅಲ್ಲ, ಅದನ್ನು ಕಂಬಿಗೂ ಹಚ್ಚಿದ್ದರಲ್ಲಿ. ಕಂಬ ನಿಂತದ್ದು, ಅದಕ್ಕೆ ಎತ್ತರ ಉಂಟು. ಕಂಬಿ ಅಂಗಡಿಯಿಂದ ಮಲಗಿಕೊಂಡೇ ಬರುವ ಸರಕು, ಅದಕ್ಕಿರುವುದು ಉದ್ದ. ಹಾಗಾಗಿ ಒಂದು ಪಟ್ಟಿಗೆ ‘ಕಂಬದ ಎತ್ತರ’, ಇನ್ನೊಂದಕ್ಕೆ ‘ಕಂಬಿಯ ಉದ್ದ’ ಎಂದು ಬರೆಯಿರಿ. ಕಂಬದೊಳಗೇ ಕಂಬಿ ಇರುವುದರಿಂದ ಎರಡರ ಅಳತೆಯೂ ಹೆಚ್ಚುಕಡಿಮೆ ಒಂದೇ ಬರುತ್ತದೆ. ಮೇಲೆ ಬಗ್ಗಿಸಲಿಕ್ಕೆ ಒಂದು ಗೇಣು ಸೇರಿಸಿದರೆ ಸಾಕು.

ಪಡುಬಿದ್ರಿಯಿಂದ ಒಬ್ಬರು

ಕಂಬದ ಭಾರದ ವಿಷಯ ಬಂತಲ್ಲ, ನನ್ನದೂ ಅದೇ ಪ್ರಶ್ನೆ ಮಾರಾಯ್ರೆ. ನಮ್ಮ ಮನೆಯ ಕಂಬ ಒಂಬತ್ತು ಇಂಚಿಗೆ ಹನ್ನೆರಡು. ಮೇಲೆ ಇನ್ನೊಂದು ಉಪ್ಪರಿಗೆ ಎಬ್ಬಿಸಬೇಕೆಂದು ಮಗನ ಹಟ. ಎಷ್ಟು ಭಾರ ತಡೆಯುತ್ತದೆ ಎಂದು ಯಾರಾದರೂ ಹೇಳಬಹುದೇ?

ಮಣಿಪಾಲದಿಂದ, 30 ವರ್ಷ ಸೈಟಿನಲ್ಲಿದ್ದ ಇಂಜಿನಿಯರ್

ಪಡುಬಿದ್ರಿಯವರೇ, ಇಲ್ಲಿ ಕೇಳಿದ್ದು ಕಂಬದ ಮೇಲೆ ಬೀಳುವ ಹೊರೆಯಲ್ಲ, ಕಂಬದೊಳಗಿನ ಕಬ್ಬಿಣ ಎಷ್ಟು ಕಿಲೋ ಎಂದು. ನಿಮ್ಮ ಪ್ರಶ್ನೆಗೆ ಪಾಯ, ಮಣ್ಣು, ಒಳಗಿನ ಕಂಬಿ ನೋಡದೆ ಉತ್ತರವಿಲ್ಲ. ಮನೆಗೆ ಇಂಜಿನಿಯರನ್ನು ಕರೆಸಿ. ಆದರೆ ನೀವು ತಪ್ಪಾಗಿ ಓದಿದ್ದು ಒಳ್ಳೆಯದೇ ಆಯಿತು. ‘ಭಾರ’ ಎಂದು ಬರೆದರೆ ಹತ್ತರಲ್ಲಿ ಐದು ಜನ ಹೊರೆ ಎಂದೇ ಓದುತ್ತಾರೆ. ಅಲ್ಲಿ ‘ಕಂಬಿಯ ತೂಕ’ ಎಂದೇ ಇರಲಿ.

ಇನ್ನು ಎತ್ತರ. ಒಂದು ಕಂಬಕ್ಕೆ ಮೂರು ಎತ್ತರ ಉಂಟು. ನೆಲದಿಂದ ಮೇಲಿನ ನೆಲಕ್ಕೆ ಒಂದು, ಸ್ಲ್ಯಾಬಿನ ಅಡಿಗೆ ಒಂದು, ಬೀಮಿನ ಅಡಿಗೆ ಒಂದು. ಅವರು ಹೇಳಿದ 3 ಮತ್ತು 2.55ರ ನಡುವಿನ 45 ಸೆಂಟಿಮೀಟರ್ ಅಂದರೆ ಬೀಮಿನ ಪೂರ್ತಿ ಆಳ. ಕಂಬ ಹಾಕುವ ದಿನ ಕಾಂಕ್ರೀಟು ಬೀಮಿನ ಅಡಿಗೆ ನಿಲ್ಲುತ್ತದೆ, ಬೀಮು ಬಂದು ಸೇರುವ ತಲೆಯ ಗಂಟು ಮಾತ್ರ ಸ್ಲ್ಯಾಬಿನ ದಿನ ಬೀಮಿನ ಜತೆ ತುಂಬುತ್ತದೆ. ಮೇಸ್ತ್ರಿಯ ಕಾಂಕ್ರೀಟು ಸರಿಹೋದದ್ದು ಅದಕ್ಕೇ.

ಕಂಬ 230ಕ್ಕೆ 450 ಮಿಲಿಮೀಟರ್, ಅಂತಸ್ತಿಗೆ 12, ಕೆಳಗಿನದು ಸೇರಿ ನಾಲ್ಕು ಅಂತಸ್ತು ಎಂದಿಟ್ಟುಕೊಳ್ಳಿ. ಒಟ್ಟು 48 ಕಂಬ. 2.55 ಹಿಡಿದರೆ ಒಂದಕ್ಕೆ 0.264 ಘನ ಮೀಟರ್, 3 ಹಿಡಿದರೆ 0.31. ಎಲ್ಲ ಸೇರಿ ವ್ಯತ್ಯಾಸ ಎರಡೂಕಾಲು ಘನ ಮೀಟರ್. ಇದು ಕಳೆದುಹೋದದ್ದಲ್ಲ, ಬೀಮಿನ ಲೆಕ್ಕದಲ್ಲಿ ಇರಬೇಕಾದದ್ದು. ಕಂಬವನ್ನು 3 ಮೀಟರ್ ಎಂದು ಬರೆದು ಬೀಮನ್ನು ಕಂಬದ ನಡುವಿನಿಂದ ನಡುವಿಗೆ ಅಳೆದರೆ ಆ ಗಂಟಿಗೆ ಎರಡು ಸಲ ದುಡ್ಡು ಹೋಗುತ್ತದೆ. ಕಂಬ 2.55 ಆಗಿ ಬೀಮನ್ನು ಕಂಬದ ಮೈಯಿಂದ ಮೈಗೆ ಅಳೆದರೆ ಗಂಟು ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಕಂಬಿಯ ದಾರಿ ಬೇರೆ. ಅದು ಗಂಟಿನೊಳಗಿಂದಲೇ ಹಾದು ಮೇಲಿನ ಅಂತಸ್ತಿಗೆ ಹೋಗುತ್ತದೆ, ಅಲ್ಲಿ ಮೇಲಿನ ಕಂಬಿಯ ಜತೆ ಪಕ್ಕಪಕ್ಕ ನಿಲ್ಲಬೇಕು, ಅದಕ್ಕೇ ಲ್ಯಾಪ್ ಎನ್ನುವುದು. ಮಾಷ್ಟ್ರು ‘ಉದ್ದ’ ಎಂದದ್ದು ನೂರಕ್ಕೆ ನೂರು ಸರಿ, ‘ಒಂದು ಗೇಣು’ ಎಂದದ್ದು ಸರಿಯಲ್ಲ. ನಕ್ಷೆಯಲ್ಲಿ ಲ್ಯಾಪ್ ವ್ಯಾಸದ 50 ಪಟ್ಟು ಎಂದಿದ್ದರೆ 16ರ ಕಂಬಿಗೆ 80 ಸೆಂಟಿಮೀಟರ್ ಬೇಕು. ಹಾಗಾಗಿ ತುಂಡಿನ ಉದ್ದ 3.8 ಮೀಟರ್. 12 ಮೀಟರಿನ ಒಂದು ಕಂಬಿಯಲ್ಲಿ ಮೂರೇ ತುಂಡು, ಉಳಿಯುವ 60 ಸೆಂಟಿಮೀಟರ್ ಗುಜರಿಗೆ.

16ನ್ನು 16ರಿಂದ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ 1.58 ಕಿಲೋ. ಕಂಬಕ್ಕೆ ಎಂಟು ಕಂಬಿಯಾದರೆ 48 ಕಿಲೋ. ಮೇಸ್ತ್ರಿಯ 2.55ರಲ್ಲಿ ಬರುವುದು 32 ಮಾತ್ರ. ಕೊನೆಯ ಅಂತಸ್ತಿಗೆ ಲ್ಯಾಪ್ ಬಿಟ್ಟು ಕೂಡಿದರೆ ಬೇಕಾದದ್ದು ಸುಮಾರು 2,184 ಕಿಲೋ, ಪಟ್ಟಿಯಲ್ಲಿದ್ದದ್ದು 1,547. ಒಂದು ಅಂತಸ್ತು 576 ಕಿಲೋ ತಿನ್ನುವಾಗ ಮೂರನೆಯದರ ನಡುವೆ ಮುಗಿಯಲೇಬೇಕಲ್ಲ? ಕಳ್ಳರನ್ನು ಬಿಟ್ಟುಬಿಡಲು ಹೇಳಿ.

ಇನ್ನೊಂದು ಮಾತು. ಘನ ಮೀಟರಿಗೆ ಎಷ್ಟು ಕಿಲೋ ಎಂದು ನೋಡಿ ತಪ್ಪು ಹಿಡಿಯುವ ಅಭ್ಯಾಸ ಆಫೀಸುಗಳಲ್ಲಿ ಉಂಟು. ಇಲ್ಲಿ ಅದು ಹಿಡಿಯುವುದಿಲ್ಲ. ಎರಡೂ ಪಟ್ಟಿಗೆ 2.55 ಹಾಕಿದರೂ 122, ಎರಡಕ್ಕೂ 3 ಹಾಕಿದರೂ 122. ಎತ್ತರ ಮೇಲೆ ಕೆಳಗೆ ಹೊಡೆದುಹೋಗುತ್ತದೆ. ಲ್ಯಾಪ್ ಬಿಟ್ಟುಹೋದದ್ದನ್ನು ತಿಳಿಯಬೇಕಾದರೆ ತುಂಡಿನ ಉದ್ದವನ್ನೇ ಕೇಳಬೇಕು.

ಕೇಳಿದವರು

ಸರ್, ತುಂಬ ಉಪಕಾರ. ಈಗ ಕಾಂಕ್ರೀಟಿನ ಪಟ್ಟಿಗೆ ‘ಬೀಮಿನಡಿಯವರೆಗೆ ಎತ್ತರ’, ಕಂಬಿಯ ಪಟ್ಟಿಗೆ ‘ನೆಲದಿಂದ ನೆಲಕ್ಕೆ’, ಅದರ ಪಕ್ಕ ‘ಲ್ಯಾಪ್’, ಕೊನೆಗೆ ‘ತುಂಡಿನ ಉದ್ದ’ ಎಂದು ನಾಲ್ಕು ಮನೆ ಮಾಡಿದೆ. ‘ಮಹಡಿ’ ತೆಗೆದುಹಾಕಿದೆ. ಮೇಸ್ತ್ರಿಗೆ ಮೂರು ಮಹಡಿ ಅಂದರೆ ಕೆಳಗಿನದನ್ನು ಬಿಟ್ಟು ಮೂರು, ಯಜಮಾನರಿಗೆ ಸೇರಿಸಿ ಮೂರು. ಅಲ್ಲೇ 12 ಕಂಬ ಆಚೀಚೆ.

ಲ್ಯಾಪಿಗೆ ಕನ್ನಡ ಬೇಕೇ?

ಕುಂದಾಪುರದ ಮಾಷ್ಟ್ರು

ಗೇಣಿನ ಮಾತು ವಾಪಸ್ ತೆಗೆದುಕೊಂಡೆ. ಲ್ಯಾಪಿಗೆ ‘ಬೆಸುಗೆ’ ಎನ್ನಬಹುದಲ್ಲ? ಎರಡನ್ನು ಒಂದು ಮಾಡುವುದು ತಾನೇ.

ಮಣಿಪಾಲದಿಂದ

ಬೇಡ ಮಾಷ್ಟ್ರೆ! ಬೆಸುಗೆ ಎಂದು ಬರೆದರೆ ನಾಳೆ ವೆಲ್ಡಿಂಗ್ ಮಾಡುವವನು ಮೆಷಿನ್ ಹಿಡಿದುಕೊಂಡು ಬರುತ್ತಾನೆ. ಲ್ಯಾಪಿನಲ್ಲಿ ಕಂಬಿಗೆ ಕಂಬಿ ಅಂಟುವುದೇ ಇಲ್ಲ. ಬೈಂಡಿಂಗ್ ತಂತಿ ಇರುವುದು ಅಲುಗದಿರಲಿಕ್ಕೆ ಮಾತ್ರ, ಬಲ ದಾಟುವುದು ನಡುವಿನ ಕಾಂಕ್ರೀಟಿನಿಂದ.

ಸುರತ್ಕಲ್‌ನಿಂದ, ಬಾರ್‌ಬೆಂಡರ್ ಕೆಲಸದವರು

ನಾವು ‘ಜೋಡು’ ಅಂತೇವೆ. ಆದರೆ ಎರಡು ಕಂಬಿ ಒಟ್ಟಿಗೆ ಕಟ್ಟಿದರೂ ಜೋಡೇ. ನನ್ನ ಪ್ರಶ್ನೆ ಬೇರೆ. ಈಗಿನ ಇಂಜಿನಿಯರುಗಳು ಜೋಡು ನೆಲದ ಹತ್ತಿರ ಬೇಡ, ಕಂಬದ ನಡುವೆ ಮಾಡಿ, ಎಲ್ಲವನ್ನೂ ಒಂದೇ ಕಡೆ ಮಾಡಬೇಡಿ, ಭೂಕಂಪಕ್ಕೆ ಹಾಗೆ ಅಂತಾರೆ. ಆಗ ‘ನೆಲದಿಂದ ನೆಲಕ್ಕೆ’ ಅನ್ನುವ ಮನೆಯಲ್ಲಿ ಎಂತ ಬರೆಯುವುದು? ನನ್ನ ತುಂಡು ಹೊರಡುವುದೂ ನೆಲದಿಂದ ಅಲ್ಲ, ನಿಲ್ಲುವುದೂ ನೆಲದಲ್ಲಿ ಅಲ್ಲ.

ಮಣಿಪಾಲದಿಂದ

ಒಳ್ಳೆ ಪ್ರಶ್ನೆ. ನಡುವಿನಿಂದ ನಡುವಿಗೆ ಹೋದರೂ ದೂರ ಅದೇ 3, ತುಂಡು ಅದೇ 3.8. ಬದಲಾಗುವುದು ಪಾಯದಿಂದ ಬರುವ ಮೊದಲ ತುಂಡು ಮತ್ತು ತಾರಸಿಯ ಕೊನೆಯ ತುಂಡು. ಅರ್ಧ ಕಂಬಿ ಮೊದಲು, ಅರ್ಧ ಆಮೇಲೆ ನಿಲ್ಲುವುದರಿಂದ ಆ ಎರಡಕ್ಕೂ ಎರಡೆರಡು ಉದ್ದ ಬೇಕು. ಆ ಮನೆಗೆ ಏನು ಹೆಸರಿಡುವುದೆಂದು ನನಗೂ ಹೊಳೆಯುತ್ತಿಲ್ಲ.

ಪಡುಬಿದ್ರಿಯಿಂದ

ಇಂಜಿನಿಯರನ್ನು ಕರೆಸಿದೆ. ಶನಿವಾರ ಬರ್ತಾರಂತೆ. ‘ಹೊರೆ’ ಅಂತಲೇ ಕೇಳುತ್ತೇನೆ.